ಫ್ರಂಟ್ ಆಫೀಸಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮುಗಿಸಿದ ಶಿಕಾರಿಪುರ, ಸೊರಬ ಕಡೆಯ ಹುಡುಗ ಹುಡುಗಿಯರು ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ಬಯೋಡೇಟಾ ಜೊತೆ ಒಂದು ಪುಟದ ಪತ್ರವನ್ನೂ ಇಡಬೇಕಾಗುತ್ತದೆ. ಬಹುಪಾಲು ಪತ್ರಗಳು ಒಂದೇ ಅಚ್ಚಿನವು. ‘ನಾನು ಶ್ರಮಜೀವಿ, ಶಿಸ್ತಿನವಳು, ಜನರೊಂದಿಗೆ ಚೆನ್ನಾಗಿ ಬೆರೆಯುತ್ತೇನೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಟ್ಟರೆ ಸಾಮರ್ಥ್ಯ ಮೀರಿ ದುಡಿಯುತ್ತೇನೆ.’ ಇದರಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಓದುವವರಿಗೆ ಇದರಿಂದ ತಿಳಿಯುವುದೂ ಏನಿಲ್ಲ. ಬ್ಯಾಂಕಿಗೋ ಬಟ್ಟೆ ಅಂಗಡಿಗೋ ಕಳಿಸಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ.

ಈ ಪತ್ರವನ್ನು ಓದುವವರು ಯಾರು ಎನ್ನುವುದರಿಂದ ಶುರು ಮಾಡೋಣ. ದೊಡ್ಡ ಹೋಟೆಲಾದರೆ ಎಚ್.ಆರ್. ವಿಭಾಗ ಮೊದಲು ನೋಡಿ ಫ್ರಂಟ್ ಆಫೀಸ್ ಮ್ಯಾನೇಜರಿಗೆ ದಾಟಿಸುತ್ತದೆ. ಐವತ್ತು ಅರವತ್ತು ಕೋಣೆಗಳ ಹೋಟೆಲಾದರೆ ನೇರವಾಗಿ ಮ್ಯಾನೇಜರೇ ಓದುತ್ತಾರೆ, ಅದೂ ಕೌಂಟರಿನ ಹಿಂದೆ ಕೂತು, ಚೆಕ್‌ಔಟ್ ಗದ್ದಲ ಇಳಿದ ಮೇಲೆ ಸಿಗುವ ಹತ್ತು ನಿಮಿಷದಲ್ಲಿ. ಅವರಿಗೆ ಬೇಕಾದ ಉತ್ತರಗಳು ನಾಲ್ಕು. ಈ ವ್ಯಕ್ತಿ ರಿಸೆಪ್ಷನ್ನಿನಲ್ಲಿ ನಿಜಕ್ಕೂ ಎಷ್ಟು ದಿನ ನಿಂತಿದ್ದಾರೆ? ಅಲ್ಲಿ ಏನು ಮಾಡಿದ್ದಾರೆ? ಯಾವ ಭಾಷೆಯಲ್ಲಿ ಎಷ್ಟು ಮಾತಾಡಬಲ್ಲರು? ಶಿಫ್ಟಿಗೆ ಒಪ್ಪಿ, ಊರಲ್ಲೇ ಉಳಿದು, ಯಾವತ್ತಿನಿಂದ ಬರಬಲ್ಲರು?

ಇದರ ಜೊತೆಗೆ, ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಪರೀಕ್ಷೆಯೂ ನಡೆಯುತ್ತಿರುತ್ತದೆ. ಫ್ರಂಟ್ ಆಫೀಸ್ ಎಂದರೆ ಅರ್ಧ ಮಾತು, ಅರ್ಧ ಬರಹ. ಒಂದು ಶಿಫ್ಟ್ ಮುಗಿಸಿ ಹೋಗುವವರು ಮುಂದಿನವರಿಗಾಗಿ ಲಾಗ್ ಬುಕ್‌ನಲ್ಲಿ ಬರೆದಿಡಬೇಕು: ಇಂಥ ಕೋಣೆಯವರಿಗೆ ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಕರೆ, ಇಂಥ ಕೋಣೆಯ ಎ.ಸಿ. ಬಗ್ಗೆ ದೂರು ಬಂದಿದೆ, ಇಂಥ ಕಂಪನಿಯ ಬಿಲ್ ಇನ್ನೂ ಬಾಕಿ. ಯಾರು, ಯಾವಾಗ, ಏನು, ಮುಂದೆ ಯಾರು ನೋಡಿಕೊಳ್ಳಬೇಕು ಎಂಬುದು ಮೂರು ಸಾಲಿನಲ್ಲಿ ಬರದಿದ್ದರೆ ಮುಂದಿನ ಶಿಫ್ಟ್ ಎಡವುತ್ತದೆ. ಹಾಗಾಗಿ ಮ್ಯಾನೇಜರಿಗೆ ಅರ್ಜಿಯ ಪತ್ರವೇ ಲಾಗ್ ಬುಕ್‌ ಬರಹದ ಮೊದಲ ಮಾದರಿ. ಹುದ್ದೆಯ ಹೆಸರು ತಪ್ಪಿದ್ದರೆ, ಬೇರೆ ಹೋಟೆಲಿನ ಹೆಸರು ಉಳಿದುಬಿಟ್ಟಿದ್ದರೆ, ಸೇರುವ ದಿನಾಂಕವೇ ಇಲ್ಲದಿದ್ದರೆ, ನಾಳೆ ಅತಿಥಿಯ ಹೆಸರೂ ಕೋಣೆಯ ನಂಬರೂ ಹೀಗೇ ಅದಲುಬದಲಾಗುತ್ತವೆ ಎಂದು ಅವರು ಲೆಕ್ಕ ಹಾಕುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಒಬ್ಬ ಯುವತಿ ಎಂದುಕೊಳ್ಳಿ. ಪದವಿ ಮುಗಿಸಿದ್ದು ಮಂಗಳೂರಿನಲ್ಲಿ. ಈಗ ಶಿವಮೊಗ್ಗದ ಅರವತ್ತು ಕೋಣೆಗಳ ಹೋಟೆಲೊಂದು ಫ್ರಂಟ್ ಆಫೀಸ್ ಟ್ರೈನಿ ಬೇಕೆಂದು ಪ್ರಕಟಣೆ ಕೊಟ್ಟಿದೆ: ಮೂರು ಶಿಫ್ಟ್, ಕನ್ನಡ, ಇಂಗ್ಲಿಷ್, ಹಿಂದಿ ಬರಬೇಕು, ಬೇಗ ಸೇರಬೇಕು.

ಆಕೆ ಮೊದಲು ಮಾಡಬೇಕಾದ ಕೆಲಸ ತರಬೇತಿಯ ಲೆಕ್ಕ. ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿನ ನಡುವೆ ವಿದ್ಯಾರ್ಥಿಗಳು ಕೆಲವು ತಿಂಗಳು ಹೋಟೆಲಿನಲ್ಲಿ ಇಂಡಸ್ಟ್ರಿಯಲ್ ಟ್ರೈನಿಂಗ್ ಮಾಡುತ್ತಾರೆ. ಈ ಅವಧಿ ಅಡುಗೆಮನೆ, ಊಟದ ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಎಂಬ ನಾಲ್ಕು ವಿಭಾಗಗಳಿಗೆ ಹಂಚಿಹೋಗುತ್ತದೆ. ಇಪ್ಪತ್ತು ವಾರದ ತರಬೇತಿಯಾದರೆ ಫ್ರಂಟ್ ಆಫೀಸಿನ ಪಾಲು ಐದು ವಾರದ ಆಸುಪಾಸು. ಅದರಲ್ಲೂ ಒಂದಿಷ್ಟು ದಿನ ಬೆಲ್ ಡೆಸ್ಕಿನಲ್ಲಿ ಲಗೇಜಿನ ಜೊತೆ ಕಳೆದಿರುತ್ತದೆ. ಮ್ಯಾನೇಜರ್ ಕೂಡ ಇದೇ ದಾರಿಯಲ್ಲಿ ಬಂದವರಾದ್ದರಿಂದ ‘ಐದು ತಿಂಗಳ ಫ್ರಂಟ್ ಆಫೀಸ್ ಅನುಭವವಿದೆ’ ಎಂಬ ಸಾಲು ಕಂಡೊಡನೆ ಅವರಿಗೆ ಅನುಮಾನ ಬರುತ್ತದೆ. ‘ಐದು ವಾರ, ಅದರಲ್ಲಿ ಮೂರು ವಾರ ರಿಸೆಪ್ಷನ್’ ಎಂದರೆ ಕಡಿಮೆ ಕಾಣಬಹುದು, ಆದರೆ ಅದನ್ನು ನಂಬಬಹುದು. ಟ್ರೈನಿ ಹುದ್ದೆಗೆ ಅಷ್ಟು ಸಾಕು ಕೂಡ.

ಕೆಲಸದ ವಿವರಕ್ಕೂ ಇದೇ ಎಚ್ಚರ ಬೇಕು. ‘ಫ್ರಂಟ್ ಡೆಸ್ಕನ್ನು ಸ್ವತಂತ್ರವಾಗಿ ನಿಭಾಯಿಸಿದ್ದೇನೆ’ ಎಂದು ಬರೆಯುವವರಿದ್ದಾರೆ. ತರಬೇತಿಗೆ ಬಂದವರ ಕೈಗೆ ಹೋಟೆಲುಗಳು ಸಾಮಾನ್ಯವಾಗಿ ನಗದು ಪೆಟ್ಟಿಗೆ ಕೊಡುವುದಿಲ್ಲ, ದರ ಇಳಿಸುವ ಅಧಿಕಾರವನ್ನಂತೂ ಕೊಡುವುದೇ ಇಲ್ಲ. ಅವರು ನಿಜವಾಗಿ ಮಾಡುವುದು ಬೇರೆ ಕೆಲಸಗಳನ್ನು: ಅಂದು ಬರುವವರ ಪಟ್ಟಿ ತೆಗೆಯುವುದು, ರಿಜಿಸ್ಟ್ರೇಷನ್ ಕಾರ್ಡ್ ಮೊದಲೇ ಸಿದ್ಧ ಮಾಡಿಡುವುದು, ಗುರುತಿನ ಚೀಟಿಯ ಪ್ರತಿ ತೆಗೆಯುವುದು, ವಿದೇಶಿ ಅತಿಥಿ ಬಂದಾಗ ವಿದೇಶಿಯರ ನೋಂದಣಿ ಅಧಿಕಾರಿಗೆ 24 ಗಂಟೆಯೊಳಗೆ ಹೋಗಬೇಕಾದ, ಎಲ್ಲರೂ ‘ಸಿ ಫಾರ್ಮ್’ ಎನ್ನುವ ವರದಿಗೆ ಪಾಸ್‌ಪೋರ್ಟ್, ವೀಸಾ ವಿವರ ತುಂಬುವುದು. ಒಪೆರಾ ಅಥವಾ ಐಡಿಎಸ್ ಸಾಫ್ಟ್‌ವೇರ್ ‘ಬರುತ್ತದೆ’ ಎನ್ನುವುದಕ್ಕಿಂತ ಅದರಲ್ಲಿ ಇವನ್ನು ಮಾಡಿದ್ದೇನೆ ಎಂದರೆ ಅಳತೆ ಸರಿಯಾಗಿ ಸಿಗುತ್ತದೆ.

ಇಷ್ಟರಿಂದ ಆಕೆ ಏನು ಮಾಡಿದ್ದಾಳೆ ಎಂಬುದು ಗೊತ್ತಾಯಿತು. ತಲೆ ಹೇಗೆ ಓಡುತ್ತದೆ ಎಂಬುದು ತಿಳಿಯಬೇಕಾದರೆ ಒಂದು ಘಟನೆ ಬೇಕು. ಒಂದೇ ಸಾಕು, ಆದರೆ ಫ್ರಂಟ್ ಆಫೀಸಿನ ಒಳಗಿನದಾಗಿರಬೇಕು. ‘ಕೋಪಗೊಂಡ ಅತಿಥಿಯನ್ನು ನಗುತ್ತಾ ಸಮಾಧಾನಪಡಿಸಿದೆ’ ಎಂಬ ಕತೆಯನ್ನು ಎಲ್ಲರೂ ಬರೆಯುತ್ತಾರೆ. ನಮ್ಮ ಯುವತಿಗೆ ಅದಕ್ಕಿಂತ ಒಳ್ಳೆಯದೊಂದು ಸಿಕ್ಕಿತ್ತು ಎಂದುಕೊಳ್ಳೋಣ.

ಹೋಟೆಲುಗಳಲ್ಲಿ ಬೆಳಿಗ್ಗೆ ಹೌಸ್‌ಕೀಪಿಂಗ್‌ನವರು ಪ್ರತಿ ಕೋಣೆಯ ಸ್ಥಿತಿ ನೋಡಿ ವರದಿ ಕಳಿಸುತ್ತಾರೆ: ಅತಿಥಿ ಇದ್ದಾರೆ, ಖಾಲಿಯಿದೆ, ಸ್ವಚ್ಛವಾಗಿದೆ, ಆಗಬೇಕಿದೆ. ಆ ವರದಿಯನ್ನು ರಿಸೆಪ್ಷನ್ನಿನ ಕಂಪ್ಯೂಟರ್ ಹೇಳುವುದರ ಜೊತೆ ಒಂದೊಂದಾಗಿ ಹೋಲಿಸಬೇಕು. ಬೇಸರದ ಕೆಲಸವಾದ್ದರಿಂದ ಟ್ರೈನಿಗಳ ಪಾಲಿಗೆ ಬರುತ್ತದೆ. ಒಂದು ದಿನ ಕಂಪ್ಯೂಟರಿನಲ್ಲಿ ‘ಅತಿಥಿ ಇದ್ದಾರೆ’ ಎಂದಿದ್ದ ಕೋಣೆಯನ್ನು ಹೌಸ್‌ಕೀಪಿಂಗ್ ವರದಿ ‘ಖಾಲಿ’ ಎಂದಿತ್ತು. ಇಂಥ ವ್ಯತ್ಯಾಸಕ್ಕೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಅತಿಥಿ ಬಿಲ್ ಕೊಟ್ಟು ಹೋಗಿದ್ದು, ಕೌಂಟರಿನವರು ಕಂಪ್ಯೂಟರಿನಲ್ಲಿ ಚೆಕ್‌ಔಟ್ ಮಾಡಲು ಮರೆತಿರಬಹುದು. ಇದನ್ನು ‘ಸ್ಲೀಪರ್’ ಎನ್ನುತ್ತಾರೆ. ಅಥವಾ ಅತಿಥಿ ಬಿಲ್ ಕೊಡದೆಯೇ ಜಾಗ ಖಾಲಿ ಮಾಡಿರಬಹುದು. ಅದು ‘ಸ್ಕಿಪ್ಪರ್’. ಎರಡರಲ್ಲೂ ಮೇಲುನೋಟಕ್ಕೆ ಕಾಣುವುದು ಒಂದೇ, ಖಾಲಿ ಕೋಣೆ. ಮೊದಲನೆಯದರಲ್ಲಿ ಮಾರಬಹುದಾದ ಕೋಣೆಯೊಂದು ಲೆಕ್ಕಕ್ಕೆ ಸಿಗದೆ ರಾತ್ರಿಯಿಡೀ ಖಾಲಿ ಬೀಳುತ್ತದೆ. ಎರಡನೆಯದರಲ್ಲಿ ಹಣವೇ ಹೋಗಿರುತ್ತದೆ. ಯಾವುದು ಎಂದು ಹೇಳುವುದು ಬಿಲ್ಲಿನ ಖಾತೆ. ಬಾಕಿ ಸೊನ್ನೆಯಿದ್ದರೆ ಸ್ಲೀಪರ್. ಬಾಕಿ ಉಳಿದಿದ್ದರೆ ಕೂಡಲೇ ಡ್ಯೂಟಿ ಮ್ಯಾನೇಜರಿಗೆ ಹೇಳಬೇಕು.

ಆ ಯುವತಿ ಖಾತೆ ನೋಡಿದಳು, ಬಾಕಿ ಸೊನ್ನೆಯಿತ್ತು. ಡ್ಯೂಟಿ ಮ್ಯಾನೇಜರಿಗೆ ತಿಳಿಸಿದಳು. ಕೋಣೆಯಲ್ಲಿ ಲಗೇಜಿಲ್ಲ ಎಂದು ಹೌಸ್‌ಕೀಪಿಂಗ್ ಖಚಿತಪಡಿಸಿತು. ಮ್ಯಾನೇಜರ್ ಚೆಕ್‌ಔಟ್ ದಾಖಲಿಸಿದರು. ಹೋಟೆಲ್ ತುಂಬಿದ್ದ ದಿನವಾದ್ದರಿಂದ ಸ್ವಚ್ಛ ಮಾಡಿಸಿದ ಆ ಕೋಣೆ ಮಧ್ಯಾಹ್ನವೇ ಇನ್ನೊಬ್ಬರಿಗೆ ಹೋಯಿತು. ಇದನ್ನೂ ಉಳಿದ ಉತ್ತರಗಳನ್ನೂ ಒಂದು ಪುಟಕ್ಕೆ ಇಳಿಸಿದರೆ ಪತ್ರ ಹೀಗಾಗುತ್ತದೆ.

*ವಿಷಯ: ಫ್ರಂಟ್ ಆಫೀಸ್ ಟ್ರೈನಿ ಹುದ್ದೆಗೆ ಅರ್ಜಿ*

*ಮಾನ್ಯರೆ,*

*ನಿಮ್ಮ ಹೋಟೆಲಿನ ಫ್ರಂಟ್ ಆಫೀಸ್ ಟ್ರೈನಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಈ ವರ್ಷ ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಮುಗಿಸಿದ್ದೇನೆ. ಜುಲೈ 1ರಿಂದ ಕೆಲಸಕ್ಕೆ ಬರಬಲ್ಲೆ.*

*ಕೋರ್ಸಿನ ಭಾಗವಾಗಿ ಮಂಗಳೂರಿನ 80 ಕೋಣೆಗಳ ಹೋಟೆಲೊಂದರಲ್ಲಿ 20 ವಾರ ತರಬೇತಿ ಪಡೆದೆ. ಅದರಲ್ಲಿ 2 ವಾರ ಬೆಲ್ ಡೆಸ್ಕಿನಲ್ಲಿ, 3 ವಾರ ರಿಸೆಪ್ಷನ್ನಿನಲ್ಲಿದ್ದೆ. ಬರುವವರ ಪಟ್ಟಿ ಮತ್ತು ರಿಜಿಸ್ಟ್ರೇಷನ್ ಕಾರ್ಡ್ ಸಿದ್ಧಪಡಿಸುವುದು, ಗುರುತಿನ ದಾಖಲೆ ಪರಿಶೀಲಿಸುವುದು, ಸಿ ಫಾರ್ಮ್ ವಿವರ ತುಂಬುವುದು ಮತ್ತು ಹೌಸ್‌ಕೀಪಿಂಗ್ ವರದಿಯನ್ನು ಕೋಣೆಗಳ ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ನಗದು ವ್ಯವಹಾರ ಮಾಡಿಲ್ಲ.*

*ಹೋಟೆಲ್ ಪೂರ್ತಿ ತುಂಬಿದ್ದ ಒಂದು ದಿನ ತಾಳೆ ನೋಡುವಾಗ, ಕಂಪ್ಯೂಟರಿನಲ್ಲಿ ಅತಿಥಿ ಇದ್ದಾರೆ ಎಂದಿದ್ದ ಕೋಣೆಯನ್ನು ಹೌಸ್‌ಕೀಪಿಂಗ್ ಖಾಲಿ ಎಂದು ಗುರುತಿಸಿತ್ತು. ಬಿಲ್ ಪೂರ್ತಿ ಪಾವತಿಯಾಗಿದ್ದನ್ನು ಖಾತೆಯಲ್ಲಿ ನೋಡಿ ಡ್ಯೂಟಿ ಮ್ಯಾನೇಜರಿಗೆ ತಿಳಿಸಿದೆ. ಅವರು ಚೆಕ್‌ಔಟ್ ದಾಖಲಿಸಿದ ಮೇಲೆ ಆ ಕೋಣೆ ಅದೇ ಮಧ್ಯಾಹ್ನ ಬೇರೆ ಅತಿಥಿಗೆ ಸಿಕ್ಕಿತು.*

*ಕನ್ನಡ ನನ್ನ ಮನೆಮಾತು. ಇಂಗ್ಲಿಷಿನಲ್ಲಿ ಫೋನ್ ಬುಕಿಂಗ್ ತೆಗೆದುಕೊಂಡು ಇ-ಮೇಲಿಗೆ ಉತ್ತರಿಸಬಲ್ಲೆ. ಹಿಂದಿಯಲ್ಲಿ ಬಿಲ್ ವಿವರಿಸಬಲ್ಲೆ, ಬರೆಯಲು ಬರುವುದಿಲ್ಲ. ಸೊರಬ ತಾಲ್ಲೂಕಿನವಳಾದ್ದರಿಂದ ಬಳ್ಳಿಗಾವಿ, ತಾಳಗುಂದ, ಚಂದ್ರಗುತ್ತಿ, ಗುಡವಿಗೆ ಹೋಗುವ ದಾರಿ ಮತ್ತು ಸೂಕ್ತ ಕಾಲವನ್ನು ಅತಿಥಿಗಳಿಗೆ ಹೇಳಬಲ್ಲೆ.*

*ರಾತ್ರಿ ಪಾಳಿ ಸೇರಿ ಮೂರೂ ಶಿಫ್ಟ್‌ಗಳಿಗೆ ಒಪ್ಪಿಗೆಯಿದೆ. ಶಿವಮೊಗ್ಗದಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿಯುತ್ತೇನೆ. ಬಯೋಡೇಟಾ ಮತ್ತು ತರಬೇತಿ ಪ್ರಮಾಣಪತ್ರ ಲಗತ್ತಿಸಿದ್ದೇನೆ.*

*ಇಂತಿ ತಮ್ಮ ವಿಶ್ವಾಸಿ,*

ಈ ಪತ್ರದಲ್ಲಿ ತನ್ನನ್ನು ತಾನು ಹೊಗಳಿಕೊಂಡ ಒಂದು ವಿಶೇಷಣವೂ ಇಲ್ಲ. ಆದರೂ ಓದಿ ಮುಗಿಸಿದಾಗ ಆಕೆ ಶ್ರದ್ಧೆಯವಳು, ಲೆಕ್ಕದಲ್ಲಿ ಗಟ್ಟಿ ಎಂಬ ಅಭಿಪ್ರಾಯ ಓದುಗರಲ್ಲೇ ಮೂಡುತ್ತದೆ. ಇಲ್ಲದಿರುವ ಇನ್ನೆರಡು ಸಂಗತಿಗಳನ್ನೂ ಗಮನಿಸಬೇಕು. ಅತಿಥಿ ಯಾರು ಎಂದು ಆಕೆ ಹೇಳಿಲ್ಲ, ಕೋಣೆಯ ನಂಬರನ್ನೂ ಕೊಟ್ಟಿಲ್ಲ. ತರಬೇತಿಯ ಹೋಟೆಲಿಗೆ ಬಂದಿದ್ದ ನಟನದೋ ರಾಜಕಾರಣಿಯದೋ ಹೆಸರು ಹಾಕಿ ‘ಇಂಥವರಿಗೆ ಚೆಕ್‌ಇನ್ ಮಾಡಿಸಿದ್ದೇನೆ’ ಎಂದು ಬರೆಯುವ ಆಸೆ ಅನೇಕರಿಗೆ ಇರುತ್ತದೆ. ಯಾರು ಯಾವಾಗ ಬಂದು ಉಳಿದರು ಎಂಬುದನ್ನು ಹೊರಗೆ ಹೇಳದಿರುವುದೇ ರಿಸೆಪ್ಷನ್ನಿನ ಮೊದಲ ಪಾಠ. ಅದನ್ನು ಅರ್ಜಿಯಲ್ಲೇ ಮುರಿದವರನ್ನು ಕೌಂಟರಿನಲ್ಲಿ ನಿಲ್ಲಿಸಲು ಯಾವ ಮ್ಯಾನೇಜರಾದರೂ ಹಿಂಜರಿಯುತ್ತಾರೆ. ಎರಡನೆಯದು, ಚೆಕ್‌ಔಟ್ ಮರೆತವರು ಯಾರು ಎಂಬ ಮಾತು. ರಾತ್ರಿ ಪಾಳಿಯವರ ಬೇಜವಾಬ್ದಾರಿ ಎಂದು ಒಂದು ಪದ ಸೇರಿಸಿದ್ದರೂ ಪತ್ರ ದೂರಿನ ಅರ್ಜಿಯಾಗುತ್ತಿತ್ತು.

‘ನಗದು ವ್ಯವಹಾರ ಮಾಡಿಲ್ಲ’ ಎಂಬ ಸಾಲು ಕೆಲವರಿಗೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ ಕಾಣಬಹುದು. ಮ್ಯಾನೇಜರಿಗೆ ಅದು ಉಪಯೋಗದ ಮಾಹಿತಿ. ಯಾವುದನ್ನು ಮೊದಲಿನಿಂದ ಕಲಿಸಬೇಕು ಎಂದು ಅವರಿಗೆ ತಿಳಿಯುತ್ತದೆ. ಅದರ ಮೇಲಿನ ಸಾಲುಗಳಿಗೂ ಇದರಿಂದ ತೂಕ ಬರುತ್ತದೆ, ಬಾರದ್ದನ್ನು ಬಾರದು ಎಂದವರು ಬರುತ್ತದೆ ಎಂದದ್ದು ನಿಜವಿರಬೇಕು. ಹಿಂದಿಯ ವಿಚಾರವೂ ಹಾಗೆಯೇ. ಬಯೋಡೇಟಾದಲ್ಲಿ ‘ಕನ್ನಡ, ಇಂಗ್ಲಿಷ್, ಹಿಂದಿ’ ಎಂದು ಸಾಲಾಗಿ ಬರೆದರೆ ಯಾವುದು ಎಷ್ಟು ಎಂದು ಗೊತ್ತಾಗುವುದಿಲ್ಲ. ಆ ಭಾಷೆಯಲ್ಲಿ ಕೌಂಟರಿನ ಯಾವ ಕೆಲಸ ಮಾಡಬಲ್ಲೆ ಎಂದರೆ ಗೊತ್ತಾಗುತ್ತದೆ. ಶಿಕಾರಿಪುರದ ತಾಂಡಾಗಳಿಂದ ಬಂದವರಿಗೆ ಲಂಬಾಣಿ, ಶಿರಾಳಕೊಪ್ಪದ ಕಡೆಯ ಅನೇಕರಿಗೆ ಉರ್ದು ಮನೆಮಾತು. ಇವನ್ನು ಬರೆಯಲು ಸಂಕೋಚ ಬೇಡ. ಉರ್ದು ಬಲ್ಲವರು ಹಿಂದಿ ಮಾತಿನ ಅತಿಥಿಯನ್ನು ತಡವರಿಸದೆ ಮಾತಾಡಿಸಬಲ್ಲರು.

ಇನ್ನು ಊರಿನ ಮಾತು. ‘ಅಲ್ಲಮಪ್ರಭು, ಅಕ್ಕಮಹಾದೇವಿ ಹುಟ್ಟಿದ ನೆಲದವಳು, ಅತಿಥಿ ಸತ್ಕಾರ ನಮ್ಮ ರಕ್ತದಲ್ಲೇ ಇದೆ’ ಎಂದು ಬರೆಯುವುದು ಸುಲಭ. ಆದರೆ ಆ ನೆಲದ್ದೇ ಒಂದು ಶಾಸನ ಬೇರೆ ರೀತಿ ಬರೆಯುವುದನ್ನು ಕಲಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ‘ನಮ್ಮ ಮಠದ ಸತ್ಕಾರ ಶ್ರೇಷ್ಠ’ ಎಂಬಷ್ಟಕ್ಕೇ ನಿಂತಿಲ್ಲ. ಯಾರು ಯಾರಿಗೆ ಅನ್ನ ಎಂಬ ಪಟ್ಟಿಯೇ ಇದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು. ರೋಗಿಗಳಿಗೆ ಔಷಧೋಪಚಾರದ ಮಾತೂ ಇದೆ. ಎಂಟೂವರೆ ಶತಮಾನ ಕಳೆದರೂ ಆ ಮಠ ಏನು ಮಾಡುತ್ತಿತ್ತು ಎಂದು ನಮಗೆ ತಿಳಿದಿರುವುದು ಆ ಪಟ್ಟಿಯಿಂದ.

ಆದ್ದರಿಂದ ಊರಿನ ಹೆಸರು ಹೇಳುವುದಾದರೆ ಕೌಂಟರಿನಲ್ಲಿ ಅದರಿಂದಾಗುವ ಕೆಲಸದ ಜೊತೆ ಹೇಳಬೇಕು. ಶಿವಮೊಗ್ಗದಲ್ಲಿ ಉಳಿದವರು ಜೋಗ ನೋಡಿ ಬಂದ ಮೇಲೆ ‘ಇನ್ನೇನಿದೆ?’ ಎಂದು ಕೇಳುವುದು ರಿಸೆಪ್ಷನ್ನಿನಲ್ಲೇ. ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ., ಅಲ್ಲಿಂದ ಶಿರಾಳಕೊಪ್ಪದ ದಾರಿ ಹಿಡಿದರೆ ಬಳ್ಳಿಗಾವಿ, ಹತ್ತಿರದಲ್ಲೇ ಕದಂಬರ ಶಾಸನವಿರುವ ತಾಳಗುಂದ, ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು ಎನ್ನಬಲ್ಲವರು ಬೇಕು. ಗುಡವಿ ಪಕ್ಷಿಧಾಮವನ್ನು ಕೇಳಿದರೆ, ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಕಡು ಬೇಸಿಗೆಯಲ್ಲಿ ಹೋದರೆ ನಿರಾಶೆ ಎಂದು ಮೊದಲೇ ಹೇಳಬಲ್ಲವರು ಬೇಕು. ಹಾಗಂತ ಇದೇ ಸಾಲನ್ನು ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿಗೆ ಕಳಿಸಿದರೆ ಪ್ರಯೋಜನವಿಲ್ಲ. ಅಲ್ಲಿನ ಅತಿಥಿ ಕೇಳುವುದು ಬೆಳಗಿನ ಜಾವದ ಟ್ಯಾಕ್ಸಿಯನ್ನು. ಅಲ್ಲಿಗೆ ಬರೆಯುವಾಗ ಈ ಸಾಲು ತೆಗೆದು, ನಸುಕಿನಲ್ಲಿ ಒಟ್ಟಿಗೆ ಹೊರಡುವವರ ಚೆಕ್‌ಔಟಿನಲ್ಲಿ ಸಹಾಯ ಮಾಡಿದ ಅನುಭವವಿದ್ದರೆ ಅದನ್ನು ಹಾಕಬೇಕು. ಪತ್ರದ ಮುಕ್ಕಾಲು ಭಾಗ ಎಲ್ಲ ಹೋಟೆಲಿಗೂ ಒಂದೇ ಇರಬಹುದು, ಈ ಒಂದೆರಡು ಸಾಲು ಮಾತ್ರ ಪ್ರತಿ ಸಲ ಹೊಸದಾಗಿ ಬರೆಯಬೇಕಾದವು.

ಕೊನೆಯ ಪ್ಯಾರಾವನ್ನು ಔಪಚಾರಿಕ ಮುಕ್ತಾಯವೆಂದು ಬಿಟ್ಟುಬಿಡುವವರು ಹೆಚ್ಚು. ಚಿಕ್ಕ ಊರಿನ ಅರ್ಜಿದಾರರ ಮಟ್ಟಿಗೆ ಎಷ್ಟೋ ಸಲ ಅದೇ ನಿರ್ಣಾಯಕ. ಸಂಜೆ ಪಾಳಿ ಸಾಮಾನ್ಯವಾಗಿ ಮುಗಿಯುವುದು ರಾತ್ರಿ ಹನ್ನೊಂದರ ಸುಮಾರಿಗೆ, ರಾತ್ರಿ ಪಾಳಿ ಬೆಳಗಿನ ಏಳರ ತನಕ. ವಿಳಾಸದಲ್ಲಿ ಆನವಟ್ಟಿ ಎಂದು ಕಂಡ ಕೂಡಲೇ ಮ್ಯಾನೇಜರ್ ಮನಸ್ಸಿನಲ್ಲಿ ಏಳುವ ಪ್ರಶ್ನೆ ಕೊನೆಯ ಬಸ್ಸಿನದು. ದಿನಾ ಓಡಾಡುವ ದೂರವಲ್ಲ. ಎಲ್ಲಿ ಉಳಿಯುತ್ತೇನೆ ಎಂದು ಒಂದು ಸಾಲು ಬರೆದರೆ ಆ ಅನುಮಾನ ಅಲ್ಲೇ ಕರಗುತ್ತದೆ. ವಸತಿ ಬೇಕಿದ್ದರೆ ‘ಟ್ರೈನಿಗಳಿಗೆ ವಸತಿ ಇದೆಯೇ ತಿಳಿಸಿ’ ಎಂದು ನೇರ ಕೇಳಬಹುದು. ಹೊರಗಿನವರಿಗೆ ಹಾಸ್ಟೆಲ್ ಮಾದರಿಯ ವಸತಿ, ಕೆಲಸದ ಹೊತ್ತಿನ ಊಟ ಕೊಡುವ ಹೋಟೆಲುಗಳಿವೆ. ರಾತ್ರಿ ಪಾಳಿಗೆ ಮನೆಯವರ ಒಪ್ಪಿಗೆ ಇಲ್ಲದಿದ್ದರೆ ‘ಒಪ್ಪಿಗೆಯಿದೆ’ ಎಂದು ಬರೆಯಬಾರದು. ಸೇರಿದ ತಿಂಗಳಲ್ಲೇ ಅದು ಬಯಲಾಗುತ್ತದೆ, ಆಗ ತೊಂದರೆ ಇಬ್ಬರಿಗೂ. ಸ್ಟೈಪೆಂಡ್ ಎಷ್ಟು, ತರಬೇತಿ ಎಷ್ಟು ತಿಂಗಳು, ಮುಗಿದ ಮೇಲೆ ಹುದ್ದೆ ಖಾಯಂ ಆಗುತ್ತದೆಯೇ ಎಂಬುದನ್ನು ಕೇಳಲೇಬೇಕು, ಆದರೆ ಅದರ ಜಾಗ ಸಂದರ್ಶನ.

ಪದವಿ ಮುಗಿದು ಒಂದು ವರ್ಷ ಮನೆಯಲ್ಲೇ ಇದ್ದವರು ಆ ಖಾಲಿ ವರ್ಷವನ್ನು ಮುಚ್ಚಿಡಲು ನೋಡುತ್ತಾರೆ. ದಿನಾಂಕಗಳನ್ನು ಕೂಡಿದರೆ ಅದು ಕಂಡೇ ಕಾಣುತ್ತದೆ. ‘ಕಳೆದ ವರ್ಷ ಮನೆಯ ಜೋಳ, ಭತ್ತದ ಕೆಲಸ ನೋಡಿಕೊಂಡೆ, ಈಗ ಕೆಲಸಕ್ಕೆ ಸೇರಲು ಸಿದ್ಧಳಿದ್ದೇನೆ’ ಎಂದು ಒಂದು ಸಾಲು ಸಾಕು. ಕಾರಣಗಳ ಪುರಾಣ ಬೇಡ.

ಮೇಲಿನ ಪತ್ರವನ್ನು ಕನ್ನಡದಲ್ಲಿ ಕೊಟ್ಟಿದ್ದೇನಾದರೂ ಹೆಚ್ಚಿನ ಹೋಟೆಲುಗಳಿಗೆ ಅದು ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದರಲ್ಲಿ ಲಾಭವಿದೆ. ಇಂಗ್ಲಿಷಿನಲ್ಲೇ ಶುರು ಮಾಡಿದರೆ ಕೈಗೆ ಬರುವುದು ಇಂಟರ್‌ನೆಟ್ಟಿನ ಸಿದ್ಧ ವಾಕ್ಯಗಳು. ಕನ್ನಡದಲ್ಲಿ ‘ಏನು ಮಾಡಿದೆ’ ಎಂದು ತನಗೆ ತಾನೇ ಹೇಳಿಕೊಂಡರೆ ನಡೆದದ್ದು ನೆನಪಾಗುತ್ತದೆ. ಅನಂತರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತಂದರಾಯಿತು. ತಾನು ಬಾಯಲ್ಲಿ ಆಡಲಾರದ ಪದ ಪತ್ರದಲ್ಲಿ ಇರಬಾರದು, ಏಕೆಂದರೆ ಪತ್ರದ ಇಂಗ್ಲಿಷೂ ಎದುರು ಕೂತಾಗಿನ ಇಂಗ್ಲಿಷೂ ಹೊಂದದಿದ್ದರೆ ಪತ್ರ ಬೇರೆಯವರದೆಂದು ತಕ್ಷಣ ತಿಳಿಯುತ್ತದೆ. ಇ-ಮೇಲಿನ ವಿಷಯದ ಜಾಗದಲ್ಲಿ ಹುದ್ದೆ, ಹೆಸರು, ಸೇರಬಲ್ಲ ದಿನಾಂಕ ಇರಲಿ. ಲಗತ್ತಿಸಿದ ಕಡತಕ್ಕೂ ತನ್ನ ಹೆಸರನ್ನೇ ಇಡಲಿ.

ಪತ್ರದಿಂದ ಕೆಲಸ ಸಿಗುವುದಿಲ್ಲ, ಸಿಗುವುದು ಸಂದರ್ಶನದ ಕರೆ. ಆದರೆ ಅಲ್ಲಿ ಮೊದಲು ಏನು ಕೇಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ಪತ್ರವೇ ನಿರ್ಧರಿಸುತ್ತದೆ. ‘ಶ್ರಮಜೀವಿ’ ಎಂದಷ್ಟೇ ಬರೆದವರಿಗೆ ‘ನಿಮ್ಮ ಬಗ್ಗೆ ಹೇಳಿ’ ಎಂಬ ಎತ್ತೆತ್ತಲೋ ಹೋಗುವ ಪ್ರಶ್ನೆ ಬರುತ್ತದೆ. ಖಾಲಿ ಕೋಣೆಯ ಘಟನೆ ಬರೆದವಳನ್ನು ಮ್ಯಾನೇಜರ್ ಕೇಳುವುದು ಬೇರೆ: ‘ಆ ಖಾತೆಯಲ್ಲಿ ಬಾಕಿ ಉಳಿದಿದ್ದರೆ ಏನು ಮಾಡುತ್ತಿದ್ದೆ? ಕೋಣೆಯಲ್ಲಿ ಒಂದು ಸಣ್ಣ ಬ್ಯಾಗ್ ಮಾತ್ರ ಇದ್ದಿದ್ದರೆ?’ ಬಾಕಿ ಇದ್ದರೆ ಕೂಡಲೇ ಡ್ಯೂಟಿ ಮ್ಯಾನೇಜರಿಗೆ ಹೇಳಿ, ರಿಜಿಸ್ಟ್ರೇಷನ್ ಕಾರ್ಡಿನ ನಂಬರಿಗೆ ಫೋನ್ ಮಾಡಿಸುತ್ತಿದ್ದೆ. ಬ್ಯಾಗ್ ಇದ್ದರೆ ಅತಿಥಿ ಹೋಗಿಲ್ಲವೆಂದೇ ತಿಳಿದು, ಕೋಣೆಯನ್ನು ಯಾರಿಗೂ ಕೊಡದೆ ಅವರನ್ನು ಸಂಪರ್ಕಿಸಲು ಹೇಳುತ್ತಿದ್ದೆ. ಕೆಲಸ ಮಾಡಿದವಳಿಗೆ ಈ ಉತ್ತರ ತಡವಿಲ್ಲದೆ ಬರುತ್ತದೆ. ಘಟನೆಯನ್ನು ಬೇರೆಯವರ ಪತ್ರದಿಂದ ಎತ್ತಿಕೊಂಡವಳು ಎರಡನೇ ಪ್ರಶ್ನೆಗೇ ನಿಂತುಬಿಡುತ್ತಾಳೆ. ಪತ್ರ ಬರೆಯುವವರು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ಬರೆಯುತ್ತಿರುತ್ತಾರೆ; ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಅದರಲ್ಲಿ ಹಾಕುವುದು ಅವರ ಕೈಯಲ್ಲೇ ಇದೆ.